ಕಪ್ಪು ಮೆಹೆಂದಿ ಉಳಿಸಿಹೋದ ಚಿಟ್ಟೆ

ಓದುಗರ ಪ್ರಶ್ನೆಗಳಿಗೆ ಚರ್ಮರೋಗ ತಜ್ಞೆಯ ಉತ್ತರ

ಪ್ರಶ್ನೆ: ಮೇ ರಜೆಯಲ್ಲಿ ಗೋವಾಕ್ಕೆ ಹೋಗಿದ್ದೆವು. ಸಮುದ್ರದ ದಂಡೆಯಲ್ಲಿ ಒಬ್ಬರು ಒಂಬತ್ತು ವರ್ಷದ ನನ್ನ ಮಗಳ ಮುಂಗೈ ಮೇಲೆ ಕಪ್ಪು ಮೆಹೆಂದಿಯಲ್ಲಿ ಚಿಟ್ಟೆ ಮತ್ತು ಬಳ್ಳಿ ಬರೆದರು. ಒಂದು ಗಂಟೆಗೆ ತೊಳೆದರೆ ಸಾಕು ಎಂದರು. ಬಣ್ಣ ಮಸಿಯಂತೆ ಕೂತಿತು. ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೇ ದಿನ ತುರಿಕೆ, ಮಾರನೇ ದಿನ ಊತ, ಆಮೇಲೆ ಬಳ್ಳಿಯ ಒಂದೊಂದು ಎಲೆಯೂ ಒಂದೊಂದು ನೀರುಗುಳ್ಳೆಯಾಯಿತು. ಡಾಕ್ಟರಿಗೆ ತೋರಿಸಿ ಗುಣವಾಯಿತು. ಈಗ ನಾಲ್ಕು ತಿಂಗಳು. ಗುಳ್ಳೆಯಿದ್ದ ಕಡೆಯೆಲ್ಲ ಚರ್ಮ ಬಿಳಿಚಿಕೊಂಡು, ಬಿಳಿ ಚಿಟ್ಟೆಯೇ ಕೈಮೇಲೆ ಕೂತಂತಿದೆ. ಪಕ್ಕದ ಮನೆಯವರು ತೊನ್ನು ಎನ್ನುತ್ತಾರೆ. ನನ್ನ ಅತ್ತೆಯವರು ಅಂತೂ ಮಗುವಿನ ಮುಂದೆಯೇ ಅಳುತ್ತಾರೆ. ಇದು ಹೋಗುತ್ತದೆಯೇ? ಮಾಡಿಸಿದ್ದು ನಾನೇ, ನಿದ್ದೆ ಬರುತ್ತಿಲ್ಲ. (ತಾಯಿಯೊಬ್ಬರು, ದಾವಣಗೆರೆ)

ಉತ್ತರ: ಮೊದಲು ನಿಮ್ಮ ದೊಡ್ಡ ಭಯದ ಮಾತು. ನೀವು ಬರೆದಿರುವುದನ್ನು ಓದಿದರೆ ಇದು ತೊನ್ನಿನಂತೆ ಕಾಣುವುದಿಲ್ಲ. ಚರ್ಮ ಉರಿದು ಬೆಂದು ಮಾಗಿದ ಮೇಲೆ ಉಳಿಯುವ ಬಿಳುಪು ಇದು. ಮಕ್ಕಳಲ್ಲಿ ಕಪ್ಪು ಮೆಹೆಂದಿಯ ನಂತರ ಹೀಗಾಗುವುದು ಸಾಮಾನ್ಯ, ಬಹುಪಾಲು ಮಕ್ಕಳಲ್ಲಿ ತಿಂಗಳುಗಳ ಮೇಲೆ ಬಣ್ಣ ತಾನಾಗಿ ತುಂಬಿಕೊಳ್ಳುತ್ತದೆ. ಕೆಲವರಿಗೆ ಒಂದು ವರ್ಷ ದಾಟಬಹುದು. ಬೆರಳೆಣಿಕೆಯ ಮಕ್ಕಳಲ್ಲಿ ಸಣ್ಣ ಗುರುತು ಉಳಿದೇಬಿಡುವುದೂ ಉಂಟು. ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಹತ್ತು ದಿನ ಸುಮ್ಮನಿದ್ದು ಆಮೇಲೆ ಯಾಕೆ ಕೆರಳಿತು? ಈ ಒಂದು ಪ್ರಶ್ನೆಯಲ್ಲೇ ರೋಗದ ಗುಟ್ಟು ಇದೆ. ಗೋರಂಟಿ ಎಲೆಯ ಬಣ್ಣ ಕಪ್ಪಾಗಿರುವುದಿಲ್ಲ. ಎಲೆಯಲ್ಲಿರುವ ಲಾಸೋನ್ (ಚರ್ಮಕ್ಕೆ ಕೆಂಪು ಹಿಡಿಸುವ ಸಹಜ ಬಣ್ಣ) ಮೊದಲು ಕಿತ್ತಳೆಯಾಗಿ ಕೂತು, ಒಂದೆರಡು ದಿನಕ್ಕೆ ಕಂದುಗೆಂಪಾಗುತ್ತದೆ. ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಒಂದೇ ಗಂಟೆಯಲ್ಲಿ ಮಸಿಗಪ್ಪು ಬರಬೇಕಾದರೆ ಅದರಲ್ಲಿ ಪಿಪಿಡಿ (ಪ್ಯಾರಾ-ಫಿನೈಲೀನ್-ಡೈಅಮೀನ್ ಎಂಬ, ತಲೆಗೂದಲಿಗೆ ಕಪ್ಪು ಹಿಡಿಸುವ ರಾಸಾಯನಿಕ) ಸೇರಿಸಿರುತ್ತಾರೆ. ಕೆಲವು ಸಲ ಗೋರಂಟಿ ಹೆಸರಿಗೆ ಮಾತ್ರ ಇರುತ್ತದೆ.

ತಲೆಗೆ ಹಚ್ಚುವ ಬಣ್ಣದಲ್ಲೂ ಪಿಪಿಡಿ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಆದರೆ ಯುರೋಪಿನ ನಿಯಮದಂತೆ ತಲೆಗೆ ಹಚ್ಚುವ ಹೊತ್ತಿಗೆ ಅದು ಶೇ 2 ಮೀರಬಾರದು, ಚರ್ಮಕ್ಕೆ ನೇರವಾಗಿ ಬಳಿಯಲು ಅನುಮತಿಯೇ ಇಲ್ಲ. ಬೀದಿಯ ಕಪ್ಪು ಮೆಹೆಂದಿಯನ್ನು ಪರೀಕ್ಷಿಸಿದಾಗ ಕೆಲವು ಮಾದರಿಗಳಲ್ಲಿ ಶೇ 15ಕ್ಕೂ ಹೆಚ್ಚು ಸಿಕ್ಕಿದೆ. ತಲೆಗೆ ಹಚ್ಚಿದ್ದು ಅರ್ಧ ಗಂಟೆಯಲ್ಲಿ ತೊಳೆದುಹೋಗುತ್ತದೆ. ಕಪ್ಪು ಮೆಹೆಂದಿ ಎಳೆಯ ಚರ್ಮದ ಮೇಲೆ ಅದಕ್ಕಿಂತ ಹೆಚ್ಚು ಹೊತ್ತು ಒಣಗುತ್ತಾ ಕೂರುತ್ತದೆ.

ಪಿಪಿಡಿಯ ಕಣ ಬಹಳ ಸಣ್ಣದು, ಚರ್ಮದೊಳಗೆ ಸುಲಭವಾಗಿ ಇಳಿಯುತ್ತದೆ. ಒಳಗಿನ ಕಾವಲು ಕಣಗಳು (ದೇಹಕ್ಕೆ ಹೊರಗಿನಿಂದ ಬಂದದ್ದನ್ನು ಗುರುತು ಹಿಡಿಯುವ ರಕ್ತಕಣಗಳು) ಅದನ್ನು ಮೊದಲ ಸಲ ಕಂಡಾಗ ಶತ್ರು ಎಂದು ಕಲಿಯಲು ಹತ್ತು ಹದಿನಾಲ್ಕು ದಿನ ಬೇಕು. ನಿಮ್ಮ ಮಗಳ ಚರ್ಮ ಸುಮ್ಮನಿದ್ದಂತೆ ಕಂಡ ಆ ಹತ್ತು ದಿನ ಒಳಗೆ ಈ ಕಲಿಕೆ ನಡೆದಿತ್ತು. ಕಲಿತು ಮುಗಿದ ಕೂಡಲೇ, ಬಣ್ಣ ಇಳಿದ ಗೆರೆಗಳ ಮೇಲೇ ಅವು ಮುತ್ತಿಕೊಂಡವು. ಬಳ್ಳಿಯ ಎಲೆ ಎಲೆಯೂ ಗುಳ್ಳೆಯಾಗಿ, ಪಕ್ಕದ ಬರಿ ಚರ್ಮಕ್ಕೆ ಏನೂ ಆಗದೆ ಉಳಿದದ್ದು ಇದಕ್ಕೇ. ಇದನ್ನು ಸಂಪರ್ಕದ ಅಲರ್ಜಿ (ಮುಟ್ಟಿದ ವಸ್ತುವಿಗೆ ಚರ್ಮ ತಡವಾಗಿ ತೋರುವ ಸಿಟ್ಟು) ಎನ್ನುತ್ತೇವೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಶಾಲೆಯಲ್ಲಿ ಪಕ್ಕ ಕೂರುವ ಮಗುವಿಗೆ ಇದರಿಂದ ಏನೂ ಆಗದು.

ಈಗ ಬಿಳುಪಿನ ಮಾತು. ಚರ್ಮದ ಬಣ್ಣ ತಯಾರಿಸುವ ಕಣಗಳು ಉರಿಯೂತದ ಪೆಟ್ಟಿಗೆ ಬೆದರಿ ಕೆಲಸ ನಿಲ್ಲಿಸುತ್ತವೆ, ಹೆಚ್ಚಿನಂಶ ಸಾಯುವುದಿಲ್ಲ. ಮನೆಯಲ್ಲೇ ಕೆಲವು ಸಂಗತಿ ನೋಡಿಕೊಳ್ಳಿ. ಬೆಳಗಿನ ಬೆಳಕಿನಲ್ಲಿ ಕಿಟಕಿಯ ಬಳಿ ಮಗಳನ್ನು ಕೂರಿಸಿ, ಬಿಳುಪಿನ ಮೇಲಿನ ರೋಮ ನೋಡಿ. ರೋಮ ಕಪ್ಪಾಗೇ ಇದ್ದರೆ ಒಳ್ಳೆಯ ಸೂಚನೆ, ಏಕೆಂದರೆ ಬಣ್ಣ ಮರಳಿ ಹರಡುವುದು ರೋಮದ ಬುಡದಿಂದ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಬಿಳಿ ಗೆರೆಯನ್ನೂ ಪಕ್ಕದ ಚರ್ಮವನ್ನೂ ಮೃದುವಾಗಿ ಮುಟ್ಟಿ. ಎರಡೂ ಕಡೆ ಸಮನಾಗಿ ಗೊತ್ತಾಗಬೇಕು. ಸ್ಪರ್ಶ ಕಡಿಮೆಯಿರುವ ಬಿಳಿ ಮಚ್ಚೆ ಬೇರೆ ವಿಷಯ, ಅದಕ್ಕೆ ವೈದ್ಯರ ಪರೀಕ್ಷೆ ಬೇಕು. ಕೊನೆಗೆ ಬಿಳುಪಿನ ಮೇಲೆ ಬೆರಳು ಆಡಿಸಿ. ಚರ್ಮದ ಸಣ್ಣ ಗೆರೆಗಳು ಹಾಗೇ ಇದ್ದು, ಉಬ್ಬು ತಗ್ಗು ತಾಗದಿದ್ದರೆ ಹೋಗಿರುವುದು ಬಣ್ಣ ಮಾತ್ರ, ಗಾಯದ ಕಲೆ ಅಲ್ಲ.

ಬಿಳುಪು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂಬುದು ದಿನದಿನ ನೋಡಿದರೆ ತಿಳಿಯದು. ತಿಂಗಳಿಗೊಮ್ಮೆ, ಅದೇ ಕಿಟಕಿಯ ಬಳಿ, ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಮೂರು ಫೋಟೋ ಅಕ್ಕಪಕ್ಕ ಇಟ್ಟಾಗ ನಿಮಗೇ ಗೊತ್ತಾಗುತ್ತದೆ. ಬಿಳುಪು ಚಿಟ್ಟೆಯ ಗೆರೆ ದಾಟಿ ಹರಡಿದರೆ, ಸುಣ್ಣದ ಹಾಗೆ ಅಚ್ಚ ಬಿಳಿಯಾದರೆ, ಅಕ್ಕಪಕ್ಕ ಸಣ್ಣ ಬಿಳಿ ಚುಕ್ಕಿ ಎದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಕೆಲವು ರಾಸಾಯನಿಕಗಳು ಬಣ್ಣದ ಕಣಗಳನ್ನೇ ಕೊಲ್ಲಬಲ್ಲವು. ಸ್ಟಿಕ್ಕರ್ ಬೊಟ್ಟಿನ ಅಂಟಿನಿಂದ ಹಣೆಯಲ್ಲಿ ಬಿಳಿ ಮಚ್ಚೆ ಆದವರನ್ನು ನೀವು ನೋಡಿರಬಹುದು; ಪಿಪಿಡಿಯಿಂದಲೂ ಅಪರೂಪಕ್ಕೆ ಹಾಗಾಗುತ್ತದೆ. ವೈದ್ಯರು ವುಡ್ಸ್ ಲ್ಯಾಂಪ್ (ಕತ್ತಲೆ ಕೋಣೆಯಲ್ಲಿ ಚರ್ಮಕ್ಕೆ ಬಿಡುವ ನೇರಳೆ ಬೆಳಕು) ಹಿಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಬಿಸಿಲಿನಲ್ಲಿ ಸುತ್ತಲಿನ ಚರ್ಮ ಕಪ್ಪಾದಷ್ಟೂ ಬಿಳಿ ಚಿಟ್ಟೆ ಎದ್ದು ತೋರುತ್ತದೆ. ಆದ್ದರಿಂದ ಹೊರಗೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಿ, ಇಲ್ಲವೇ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಿ. ಸೀಮೆಸುಣ್ಣ ಉಜ್ಜಿದಂತೆ ಚರ್ಮ ಒಣಗಿದ್ದರೆ ಸ್ನಾನದ ಮೇಲೆ ಕೊಬ್ಬರಿ ಎಣ್ಣೆ ಸಾಕು. ಬಣ್ಣ ಬೇಗ ಬರಲೆಂದು ಮೆಡಿಕಲ್ ಶಾಪಿನ ಸ್ಟೀರಾಯ್ಡ್ (ಉರಿಯೂತ ಇಳಿಸುವ ಔಷಧ) ಮುಲಾಮನ್ನು ತಿಂಗಳುಗಟ್ಟಲೆ ಮುಂದುವರಿಸಬೇಡಿ, ಅದೇ ಬಿಳುಪನ್ನು ಹೆಚ್ಚಿಸುತ್ತದೆ.

ಇನ್ನು ನಿಮ್ಮ ನಿದ್ದೆಯ ವಿಷಯ. ಆ ಕೋನಿನಲ್ಲಿ ಏನಿತ್ತೆಂದು ಬರೆದವರು ನಿಮಗೆ ಹೇಳಲಿಲ್ಲ, ನೋಡಿ ತಿಳಿಯುವ ದಾರಿಯೂ ನಿಮಗಿರಲಿಲ್ಲ. ನೀವು ಮಗಳನ್ನು ಡಾಕ್ಟರ ಬಳಿ ಕರೆದೊಯ್ದಿರಿ; ಕೀವಾಗದೆ, ಗಂಟುಗಲೆಯಾಗದೆ ವಾಸಿಯಾದದ್ದು ಅದರಿಂದ. ನಿಮ್ಮ ಅತ್ತೆಯವರಿಗೆ ಒಂದು ಮಾತು ಮೆಲ್ಲಗೆ ತಿಳಿಸಿ: ಒಂಬತ್ತು ವರ್ಷದ ಮಗು ತನ್ನ ಕೈಯನ್ನು ದೊಡ್ಡವರ ಮುಖದಲ್ಲಿ ನೋಡಿಕೊಳ್ಳುತ್ತದೆ. ಅಳಬೇಕೆನಿಸಿದರೆ ಒಳಗೆ ಹೋಗಿ ಅಳಲಿ. ಇನ್ನೊಂದು ಮುಖ್ಯ ಸಂಗತಿ ಇದೆ, ತಲೆಯ ಬಣ್ಣದ್ದು; ಕೆಳಗೆ ಉಡುಪಿಯ ಓದುಗರಿಗೆ ಬರೆದದ್ದನ್ನು ನೀವೂ ಓದಿ.

ಪ್ರಶ್ನೆ: ಮೂರು ದಿನದ ಹಿಂದೆ ಅಕ್ಕನ ಮದುವೆಯಲ್ಲಿ ತಮಾಷೆಗೆಂದು ತೋಳಿನ ಮೇಲೆ ಕಪ್ಪು ಮೆಹೆಂದಿಯಲ್ಲಿ ಚೇಳು ಬರೆಸಿಕೊಂಡೆ. ಎರಡನೇ ದಿನವೇ ತುರಿಕೆ, ಈಗ ಚೇಳಿನ ಬಾಲದುದ್ದಕ್ಕೂ ನೀರುಗುಳ್ಳೆ. ಹಿಂದೆ ಎಂದೂ ಮೆಹೆಂದಿ ಹಾಕಿಲ್ಲ. ಒಡೆದುಬಿಡಲೇ? (ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಒಡೆಯಬೇಡಿ. ಗುಳ್ಳೆಯ ಮೇಲಿನ ತೆಳು ಚರ್ಮವೇ ಈಗ ನಿಮ್ಮ ಬ್ಯಾಂಡೇಜು. ಅದು ಒಡೆದರೆ ಒಳಗಿನ ಹಸಿ ಚರ್ಮಕ್ಕೆ ಸೋಂಕು ಹತ್ತುತ್ತದೆ, ಕಲೆ ಆಳಕ್ಕೆ ಇಳಿಯುತ್ತದೆ. ತುಂಬ ದೊಡ್ಡದಾಗಿ ಬಿಗಿದು ನೋಯುತ್ತಿದ್ದರೆ ವೈದ್ಯರು ಶುಚಿಯಾದ ಸೂಜಿಯಿಂದ ನೀರು ಮಾತ್ರ ಇಳಿಸಿ, ಸಿಪ್ಪೆಯನ್ನು ಹಾಗೇ ಬಿಡುತ್ತಾರೆ.

ದಾವಣಗೆರೆಯ ಮಗುವಿಗೆ ಹನ್ನೊಂದು ದಿನ ಹಿಡಿದದ್ದು ನಿಮಗೆ ಎರಡೇ ದಿನಕ್ಕೆ ಬಂದಿದೆ. ಅಂದರೆ ನಿಮ್ಮ ದೇಹಕ್ಕೆ ಪಿಪಿಡಿಯ ಗುರುತು ಮೊದಲೇ ಇದ್ದಿರಬಹುದು. ಕೂದಲಿಗೆ, ಮೀಸೆಗೆ ಎಂದಾದರೂ ಕಪ್ಪು ಬಣ್ಣ ಹಚ್ಚಿದ್ದಿರಾ? ನೆನಪಿಸಿಕೊಂಡು ವೈದ್ಯರಿಗೆ ಹೇಳಿ.

ಇವತ್ತಿನಿಂದ ಹೀಗೆ ಮಾಡಿ. ಬಣ್ಣ ಉಜ್ಜಿ ತೆಗೆಯಲು ಹೋಗಬೇಡಿ. ನಿಂಬೆಹಣ್ಣು, ಬ್ಲೀಚ್, ಸೀಮೆಎಣ್ಣೆ ಯಾವುದೂ ಬೇಡ. ಒಳಗೆ ಇಳಿದದ್ದು ಉಜ್ಜಿದರೆ ಬರುವುದಿಲ್ಲ, ಮೇಲಿನ ಚರ್ಮ ಮಾತ್ರ ಹರಿಯುತ್ತದೆ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಕರಗಿಸಿ, ಹಳೆಯ ಹತ್ತಿ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ, ಸ್ವಲ್ಪ ಹಿಂಡಿ, ಗುಳ್ಳೆಗಳ ಮೇಲೆ ಕಾಲು ಗಂಟೆ ಹಾಸಿ. ಬಟ್ಟೆ ಒಣಗುವ ಮುಂಚೆ ಮತ್ತೆ ಅದ್ದಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೆ ಸೋರಿಕೆ ನಿಂತು ಉರಿ ತಣಿಯುತ್ತದೆ.

ಆದರೆ ಇಷ್ಟರಿಂದಲೇ ಮುಗಿಯದು, ಇಂದು ನಾಳೆಯೊಳಗೆ ವೈದ್ಯರನ್ನು ಕಾಣಿ. ಉರಿಯೂತವನ್ನು ಬೇಗ ಇಳಿಸಿದಷ್ಟೂ ಮುಂದೆ ಕಲೆ ಕಡಿಮೆ. ಸಾಮಾನ್ಯವಾಗಿ ಬಲವಾದ ಸ್ಟೀರಾಯ್ಡ್ ಮುಲಾಮು ಒಂದೆರಡು ವಾರಕ್ಕೆ ಕೊಡುತ್ತಾರೆ. ಇಡೀ ತೋಳು ಊದಿದ್ದರೆ ಕೆಲವು ದಿನದ ಮಟ್ಟಿಗೆ ಮಾತ್ರೆಯೂ ಬೇಕಾಗಬಹುದು. ತುರಿಕೆಯ ಮಾತ್ರೆ ರಾತ್ರಿ ನಿದ್ದೆಗೆ ಸಹಾಯ ಮಾಡುತ್ತದೆ, ಗುಳ್ಳೆಯನ್ನು ತಡೆಯುವುದಿಲ್ಲ. ಮನೆಯಲ್ಲಿರುವ ನಿಯೋಮೈಸಿನ್ (ಗಾಯಕ್ಕೆ ಹಚ್ಚುವ ಒಂದು ಆಂಟಿಬಯೋಟಿಕ್) ಮುಲಾಮು ಹಚ್ಚಬೇಡಿ, ಅದಕ್ಕೂ ಅಲರ್ಜಿ ಆಗುವವರು ಬಹಳ. ಅರಿಶಿನ, ಟೂತ್‌ಪೇಸ್ಟ್, ಸುಣ್ಣ ಇವೂ ಬೇಡ.

ಜ್ವರ ಬಂದರೆ, ಹಳದಿ ಕೀವು ಕಟ್ಟಿದರೆ, ಕೆಂಪು ಗೆರೆ ಕಂಕುಳಿನ ಕಡೆ ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತುಟಿ, ಕಣ್ಣು ಊದಿದರೆ, ಉಸಿರು ಕಟ್ಟಿದಂತಾದರೆ ಒಂದು ಗಳಿಗೆಯೂ ಕಾಯಬೇಡಿ.

ಪ್ರಶ್ನೆ: ವರ್ಷದ ಹಿಂದೆ ಗೆಳತಿಯ ಮದುವೆಗೆ ಎರಡೂ ಅಂಗೈ ಹಿಂಬದಿಗೆ ಕಪ್ಪು ಮೆಹೆಂದಿ ಹಾಕಿಸಿ ಗುಳ್ಳೆಯೆದ್ದಿತ್ತು. ಈಗ ಬಳ್ಳಿಯ ಆಕಾರದಲ್ಲೇ ಕಪ್ಪು ಕಲೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಬಿಳಿಯಾಗುವ ಕ್ರೀಮು ಐದು ತಿಂಗಳಿಂದ ಹಚ್ಚುತ್ತಿದ್ದೇನೆ. ಬಿಟ್ಟರೆ ಕೆಂಪಾಗಿ ಉರಿಯುತ್ತದೆ. ಮೂರು ತಿಂಗಳಿಗೆ ನನ್ನ ಮದುವೆ. ಮದರಂಗಿ ಇಲ್ಲದೆ ಮದುವೆಯೇ ಎಂದು ಅಮ್ಮ ಕೇಳುತ್ತಾರೆ. (ಹೆಸರು ಬೇಡ, ಹಾಸನ)

ಉತ್ತರ: ಬಣ್ಣದ ಕಣಗಳು ಕೆಲವರಲ್ಲಿ ಬೆದರಿ ನಿಲ್ಲುತ್ತವೆ, ಕೆಲವರಲ್ಲಿ ಅದೇ ಪೆಟ್ಟಿಗೆ ಮಿತಿಮೀರಿ ಬಣ್ಣ ಸುರಿಯುತ್ತವೆ. ನಮ್ಮ ಕಡೆಯ ಗೋಧಿ, ಕಪ್ಪು ಮೈಬಣ್ಣದವರಲ್ಲಿ ಎರಡನೆಯದೂ ಬಹಳ ಕಾಣುತ್ತೇವೆ. ಕಲೆ ಉಳಿದಿರುವುದು ನಿಮ್ಮ ಆರೈಕೆಯ ತಪ್ಪಿನಿಂದಲ್ಲ.

ಆ ಕಲೆಯ ಬಣ್ಣ ಗಮನಿಸಿ. ಕಾಫಿ ಕಂದು ಇದ್ದರೆ ಬಣ್ಣ ಚರ್ಮದ ಮೇಲಿನ ಪದರದಲ್ಲಿದೆ, ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಬೂದಿ ಅಥವಾ ನೀಲಿಛಾಯೆ ಇದ್ದರೆ ಕೆಳಪದರಕ್ಕೆ ಇಳಿದಿದೆ. ಅದು ಬಹಳ ನಿಧಾನ, ವರ್ಷಗಳೇ ಬೇಕಾಗಬಹುದು, ಕ್ರೀಮು ಅಲ್ಲಿಗೆ ತಲುಪುವುದೂ ಕಡಿಮೆ. ಮುಟ್ಟಿದರೆ ಹುರಿಹಗ್ಗದಂತೆ ಗಟ್ಟಿಯಾಗಿ ಉಬ್ಬಿದ್ದರೆ ಅದು ಗಂಟುಗಲೆ (ಗಾಯ ಮಾಗುವಾಗ ಮಿತಿಮೀರಿ ಬೆಳೆದ ಚರ್ಮ). ಅದಕ್ಕೆ ಬೇರೆ ಚಿಕಿತ್ಸೆ ಇದೆ: ಸಿಲಿಕೋನ್ ಹಾಳೆ ಅಂಟಿಸುವುದು, ಇಲ್ಲವೇ ಕಲೆಯೊಳಗೇ ಸ್ಟೀರಾಯ್ಡ್ ಚುಚ್ಚುವುದು.

ನನಗೆ ಕಲೆಗಿಂತ ಹೆಚ್ಚು ಚಿಂತೆಯಾದದ್ದು ನಿಮ್ಮ ಕ್ರೀಮಿನದು. ಬಿಟ್ಟರೆ ಉರಿಯುತ್ತದೆ ಎಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಭವ ಹೆಚ್ಚು. ಸ್ಟೀರಾಯ್ಡ್, ಹೈಡ್ರೋಕ್ವಿನೋನ್ (ಬಣ್ಣದ ತಯಾರಿಕೆ ತಡೆಯುವ ಔಷಧ), ಟ್ರೆಟಿನಾಯಿನ್ (ಚರ್ಮದ ಪೊರೆ ಸುಲಿಸುವ ಔಷಧ) ಮೂರೂ ಸೇರಿದ ಕ್ರೀಮುಗಳು ವೈದ್ಯರ ಕಣ್ಣೆದುರು ಕೆಲವೇ ವಾರಕ್ಕೆಂದು ಇರುವಂಥವು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಕಲೆ ಇನ್ನೂ ಕಪ್ಪಾಗುವುದೂ ಉಂಟು. ಟ್ಯೂಬನ್ನು ಬಿಸಾಡದೆ ತಜ್ಞರ ಬಳಿ ಒಯ್ಯಿರಿ. ಹಂತಹಂತವಾಗಿ ಬಿಡಿಸಿ, ಅಜೆಲಾಯಿಕ್ ಆಮ್ಲದಂಥ ಮೃದುವಾದ ಔಷಧಕ್ಕೆ ಬದಲಿಸುತ್ತಾರೆ. ಜೊತೆಗೆ ಬೆಳಿಗ್ಗೆ ಮಧ್ಯಾಹ್ನ ಸನ್‌ಸ್ಕ್ರೀನ್. ಕೈತೊಳೆದಾಗಲೆಲ್ಲ ಅದು ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಸ್ಕೂಟರ್ ಓಡಿಸುವಾಗ ಹತ್ತಿಯ ಕೈಗವಸು ಇನ್ನೂ ಒಳ್ಳೆಯದು. ಮೂರು ತಿಂಗಳಲ್ಲಿ ಪೂರ್ತಿ ಅಳಿಸುತ್ತೇನೆ ಎಂದು ಯಾರಾದರೂ ಲೇಸರಿಗೆ ಕರೆದರೆ ಈಗ ಒಪ್ಪಬೇಡಿ. ಕೆರಳಿದ ಚರ್ಮಕ್ಕೆ ಅದೇ ಹೊಸ ಕಲೆ ತಂದೀತು.

ಇನ್ನು ಮದರಂಗಿ. ನಿಮ್ಮ ಅಲರ್ಜಿ ಪಿಪಿಡಿಗೆ ಇರುವ ಸಂಭವವೇ ಹೆಚ್ಚು. ಬರಿ ಗೋರಂಟಿ ಎಲೆಗೆ ಅಲರ್ಜಿ ಆಗುವುದು ಅಪರೂಪ. ಆದರೂ ಊಹೆಯ ಮೇಲೆ ಹೋಗದೆ, ಚರ್ಮ ಶಾಂತವಾದ ಮೇಲೆ ಪ್ಯಾಚ್ ಪರೀಕ್ಷೆ ಮಾಡಿಸಿ. ಪಿಪಿಡಿಯನ್ನೂ ಇತರ ಶಂಕಿತ ವಸ್ತುಗಳನ್ನೂ ಚಿಟಿಕೆಯಷ್ಟು ಬೆನ್ನಿಗೆ ಅಂಟಿಸಿ, ಎರಡು ದಿನಕ್ಕೆ ತೆಗೆದು, ಆಮೇಲೆ ಮತ್ತೊಂದೆರಡು ದಿನ ಬಿಟ್ಟು ಮರಳಿ ನೋಡುತ್ತಾರೆ. ನಿಮ್ಮ ಮನೆಯ ಗೋರಂಟಿಯನ್ನೂ ಒಯ್ದರೆ ಅದನ್ನೂ ಸೇರಿಸುತ್ತಾರೆ. ಗೋರಂಟಿಗೆ ಏನೂ ಆಗದಿದ್ದರೆ, ಗಿಡದ ಎಲೆ ಕೊಯ್ದು ಒರಳಿನಲ್ಲೋ ಮಿಕ್ಸಿಯಲ್ಲೋ ಅರೆದು ಅಂಗೈಗೆ ಹಚ್ಚಿಕೊಳ್ಳಬಹುದು. ಹಿಂಬದಿಯ ಕಲೆಯ ಮೇಲೆ ಬೇಡ, ಅಲ್ಲಿ ಬಣ್ಣ ಎರಡೆರಡಾಗಿ ಕೂರುತ್ತದೆ. ಅಂಗೈ ನಡುವೆ ಚಂದ್ರನಂತೆ ಒಂದು ಬೊಟ್ಟು, ಬೆರಳ ತುದಿಗೆ ಟೋಪಿ. ನಮ್ಮ ಅಜ್ಜಿಯರ ಮದುವೆಯ ಮದರಂಗಿ ಇಷ್ಟೇ ಇತ್ತು, ಅದರ ಚೆಂದಕ್ಕೆ ಇಂದಿಗೂ ನನ್ನ ಮನ ಸೋಲುತ್ತದೆ. ಅಮ್ಮನಿಗೆ ತೋರಿಸಿ, ಒಪ್ಪುತ್ತಾರೆ.

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದೆ ಗಂಡನ ಜೊತೆ ದುಬೈಯಲ್ಲಿದ್ದಾಗ ಕಾಲಿಗೆ ಕಪ್ಪು ಮೆಹೆಂದಿ ಹಾಕಿಸಿ ಗುಳ್ಳೆಯಾಗಿತ್ತು, ಮರೆತೂ ಹೋಗಿತ್ತು. ಕಳೆದ ತಿಂಗಳು ಮೊದಲ ಸಲ ತಲೆಗೆ ಬಣ್ಣ ಹಚ್ಚಿದೆ. ಮಾರನೇ ದಿನ ನೆತ್ತಿ ಸೋರಿ, ಹಣೆ ಊದಿ, ಎರಡೂ ಕಣ್ಣು ಮುಚ್ಚಿಹೋದವು. ಆಸ್ಪತ್ರೆಯಲ್ಲಿ ಮೂರು ದಿನ. ಅಮೋನಿಯಾ ಇಲ್ಲದ ಬಣ್ಣವೇ ಹಚ್ಚಿದ್ದು. ಹೀಗೇಕಾಯಿತು? (ಗೃಹಿಣಿ, 46, ಉಡುಪಿ)

ಉತ್ತರ: ಕನ್ನಡಿಯಲ್ಲಿ ತನ್ನ ಮುಖವೇ ಕಾಣದಂತೆ ಕಣ್ಣು ಮುಚ್ಚಿದಾಗ ಎಂಥವರಿಗೂ ಜೀವ ಹೋದಂತಾಗುತ್ತದೆ. ಅದೃಷ್ಟಕ್ಕೆ ಈ ಊತ ಇಳಿದ ಮೇಲೆ ಕಣ್ಣಿಗೆ ಸಾಮಾನ್ಯವಾಗಿ ತೊಂದರೆ ಉಳಿಯುವುದಿಲ್ಲ, ಕೂದಲು ಉದುರಿದ್ದರೆ ಅದೂ ಮರಳಿ ಬರುತ್ತದೆ.

ಕಾಲಿನ ಗುಳ್ಳೆ ನಿಮಗೆ ಮರೆತಿತ್ತು, ನಿಮ್ಮ ರಕ್ತದ ಕಾವಲು ಕಣಗಳಿಗೆ ಮರೆತಿರಲಿಲ್ಲ. ಒಮ್ಮೆ ಕಲಿತ ಈ ಗುರುತು ಬಹುಮಟ್ಟಿಗೆ ಜೀವನಪೂರ್ತಿ ಉಳಿಯುತ್ತದೆ. ದಾವಣಗೆರೆಯ ತಾಯಿಗೆ ಹೇಳಬೇಕೆಂದದ್ದೂ ಇದನ್ನೇ. ಮಗಳ ಕೈಯ ಚಿಟ್ಟೆ ಮಾಯವಾದರೂ ಪಿಪಿಡಿಯ ಅಲರ್ಜಿ ಉಳಿಯುತ್ತದೆ. ಇಪ್ಪತ್ತು ಮೂವತ್ತು ವರ್ಷದ ಮೇಲೆ ಅವಳು ಬ್ಯೂಟಿ ಪಾರ್ಲರಿನಲ್ಲಿ ಕೂತಾಗ ಇದು ನೆನಪಿರಬೇಕು. ಅವಳ ಆರೋಗ್ಯದ ಪುಸ್ತಕದಲ್ಲಿ ಬರೆದಿಡಿ.

ಅಮೋನಿಯಾ ಇಲ್ಲ ಎಂದರೆ ಪಿಪಿಡಿ ಇಲ್ಲ ಎಂದು ಅರ್ಥವಲ್ಲ, ಇವೆರಡೂ ಬೇರೆಬೇರೆ ವಸ್ತು. ‘ಹರ್ಬಲ್’ ಎಂದು ಬರೆದ ಕಪ್ಪು ಮೆಹೆಂದಿ ಪುಡಿಯ ಪೊಟ್ಟಣಗಳಲ್ಲೂ ಗೋರಂಟಿ, ನೆಲ್ಲಿಕಾಯಿ, ಶಿಕಾಕಾಯಿ ಚಿತ್ರದ ಹಿಂದೆ ಪಿಪಿಡಿ ಇರುವುದು ಸಾಮಾನ್ಯ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿಸಿಕೊಳ್ಳಿ. ಪ್ಯಾರಾ-ಫಿನೈಲೀನ್-ಡೈಅಮೀನ್, ಪಿಪಿಡಿ, ಬೆಂಜೀನ್-ಡೈಅಮೀನ್, ಡೈಅಮಿನೋಬೆಂಜೀನ್ ಎಲ್ಲವೂ ಒಂದೇ ವಸ್ತುವಿನ ಹೆಸರುಗಳು. ಟೊಲುಯೀನ್-ಡೈಅಮೀನ್ ಅದರ ದಾಯಾದಿ. ಪಿಪಿಡಿ ಇಲ್ಲ ಎಂದು ಹೆಮ್ಮೆಯಿಂದ ಬರೆದ ಡಬ್ಬಿಗಳಲ್ಲಿ ಇದೇ ಇರುವುದುಂಟು, ನಿಮ್ಮಂಥವರಲ್ಲಿ ಅನೇಕರಿಗೆ ಇದೂ ಕೆರಳಿಸುತ್ತದೆ.

ಕೂದಲು ಕಪ್ಪಗಿರಲೇಬೇಕು ಅನಿಸಿದರೆ ಶುದ್ಧ ಗೋರಂಟಿ ಪುಡಿ ಹಚ್ಚಿ ತೊಳೆದು, ಆಮೇಲೆ ನೀಲಿ ಸೊಪ್ಪಿನ ಪುಡಿ (ಇಂಡಿಗೋ ಗಿಡದ ಎಲೆ) ಕಲಸಿ ಹಚ್ಚುವ ಹಳೆಯ ಕ್ರಮವಿದೆ. ಎರಡು ಸಲ ಹಚ್ಚುವ ಕೆಲಸ, ತಾಳ್ಮೆ ಬೇಕು. ಪುಡಿಯಲ್ಲಿ ಕಲಬೆರಕೆ ಇರಬಹುದಾದ್ದರಿಂದ ನೇರ ತಲೆಗೆ ಸುರಿಯದೆ ಮೊದಲು ಪ್ಯಾಚ್ ಪರೀಕ್ಷೆಗೆ ಅದನ್ನೇ ಒಯ್ಯಿರಿ. ಮನೆಯಲ್ಲೇ ಕಿವಿಯ ಹಿಂದೆ ಹಚ್ಚಿ ನೋಡುವ ಸಾಹಸ ಬೇಡ, ನಿಮ್ಮ ಅಲರ್ಜಿ ಅಷ್ಟು ಹಗುರವಾದದ್ದಲ್ಲ.

ಇನ್ನೊಂದು ಸಣ್ಣ ಸಂಗತಿ. ಹಲ್ಲುನೋವಿಗೆ, ಬಾಯಿಹುಣ್ಣಿಗೆ ಹಚ್ಚುವ ಕೆಲವು ಜೆಲ್‌ಗಳಲ್ಲಿ ಬೆಂಜೋಕೇನ್ (ಮರಗಟ್ಟಿಸುವ ಔಷಧ) ಇರುತ್ತದೆ. ಪಿಪಿಡಿ ಒಗ್ಗದ ಕೆಲವರಿಗೆ ಅದೂ ಒಗ್ಗದು. ದಂತವೈದ್ಯರಿಗೆ ಮೊದಲೇ ಹೇಳಿ. ಅವರು ಸಾಮಾನ್ಯವಾಗಿ ಚುಚ್ಚುವ ಲಿಗ್ನೋಕೇನ್ ಬೇರೆ ಜಾತಿಯದು, ಅದಕ್ಕೆ ಹೆದರಬೇಕಿಲ್ಲ.

ಪ್ರಶ್ನೆ: ಮದುವೆಗಳಲ್ಲಿ ಮೆಹೆಂದಿ ಹಾಕುವುದೇ ನನ್ನ ಜೀವನ. ಕಪ್ಪಾಗಬೇಕೆಂದು ಗಿರಾಕಿಗಳು ಹಟ ಹಿಡಿಯುತ್ತಾರೆ. ಕೆಲವು ಸಲ ತಲೆಗೆ ಹಚ್ಚುವ ಪುಡಿ ಸ್ವಲ್ಪ ಬೆರೆಸಿದ್ದೇನೆ. ಯಾರಿಗೂ ಏನೂ ಆಗಲಿಲ್ಲ ಅಂದುಕೊಂಡಿದ್ದೆ. ಈಗ ನನ್ನದೇ ಬೆರಳು ಬಿರಿದು ಕೆರೆಯುತ್ತಿದೆ. (ಮೆಹೆಂದಿ ಕಲಾವಿದೆ, ಭಟ್ಕಳ)

ಉತ್ತರ: ಇದನ್ನು ಬರೆಯಲು ನಿಮಗೆ ಧೈರ್ಯ ಬೇಕಾಯಿತು ಎಂದು ನನಗೆ ಗೊತ್ತು. ನಿಮ್ಮನ್ನು ಬೈಯುವುದಿಲ್ಲ, ಆದರೆ ಒಂದು ಮಾತು ಮುಚ್ಚಿಡಲಾರೆ. ಯಾರಿಗೂ ಏನೂ ಆಗಲಿಲ್ಲ ಎಂದು ಅನಿಸಿದ್ದು, ಗುಳ್ಳೆ ಏಳುವ ಹೊತ್ತಿಗೆ ಮದುವೆ ಮುಗಿದು ಎಲ್ಲರೂ ಅವರವರ ಊರಿಗೆ ಹೋಗಿರುವುದರಿಂದ. ನಿಮ್ಮ ಬಳಿಗೆ ಆ ಕೈ ಮರಳಿ ಬರುವುದಿಲ್ಲ, ನಮ್ಮ ಬಳಿಗೆ ಬರುತ್ತದೆ. ಆ ಪುಡಿಯನ್ನು ಇನ್ನು ಕೋನಿಗೆ ಸೇರಿಸಬೇಡಿ, ಚಿಟಿಕೆಯಷ್ಟೂ ಬೇಡ.

ನಿಮ್ಮ ಬೆರಳಿನ ಬಿರುಕು ಬಹುಶಃ ಇದೇ ಅಲರ್ಜಿಯ ಆರಂಭ. ತಜ್ಞರ ಬಳಿ ಪ್ಯಾಚ್ ಪರೀಕ್ಷೆ ಮಾಡಿಸಿ. ಕೆಲಸದ ಹೊತ್ತಿನಲ್ಲಿ ನೈಟ್ರೈಲ್ ಕೈಗವಸು (ರಬ್ಬರಿಗಿಂತ ಹೆಚ್ಚು ರಾಸಾಯನಿಕ ತಡೆಯುವ ಬಗೆ) ಹಾಕಿ, ರಾತ್ರಿ ಬೆರಳುಗಳಿಗೆ ವ್ಯಾಸಲಿನ್ ಹಚ್ಚಿ ಮಲಗಿ.

ಬಣ್ಣ ಗಾಢವಾಗಲು ನಿಮ್ಮ ಕೈಯಲ್ಲೇ ದಾರಿಗಳಿವೆ. ಹೊಸ ಬೆಳೆಯ, ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ. ನಿಂಬೆರಸ, ಸ್ವಲ್ಪ ಸಕ್ಕರೆ, ಕೆಲವು ಹನಿ ನೀಲಗಿರಿ ಎಣ್ಣೆ. ಬಣ್ಣ ಬಿಡುವವರೆಗೆ ಕಲಸಿ ಮುಚ್ಚಿಟ್ಟು, ಕೋನು ತುಂಬಿ ಫ್ರಿಜ್ಜಿನಲ್ಲಿ. ಹಾಕಿದ ಮೇಲೆ ಆರೇಳು ಗಂಟೆ ಬಿಡಬೇಕು, ಮೊದಲ ದಿನ ನೀರು ತಾಗಿಸಬಾರದು. ಮದುಮಗಳಿಗೆ ಎರಡು ದಿನ ಮುಂಚೆ ಹಾಕಿದರೆ ಮುಹೂರ್ತದ ದಿನ ಬಣ್ಣ ತುಂಬಿರುತ್ತದೆ. ಪುಟ್ಟ ಕೂಸುಗಳಿಗೆ ಶುದ್ಧ ಗೋರಂಟಿಯೂ ಬೇಡ. ಜಿ-6-ಪಿಡಿ ಕೊರತೆ (ಕೆಂಪು ರಕ್ತಕಣ ಸುಲಭವಾಗಿ ಒಡೆಯುವ, ಹುಟ್ಟಿನಿಂದ ಬರುವ ದೋಷ) ಇರುವ ಶಿಶುಗಳಿಗೆ ಅದು ಅಪಾಯ.

ಅಂಗಡಿಯ ಕೋನು ಕೊಳ್ಳಬೇಕಾದಾಗ ಎಚ್ಚರವಿರಲಿ. ಶುದ್ಧ ಗೋರಂಟಿ ಕಲಸಿದ್ದು ಫ್ರಿಜ್ಜಿಲ್ಲದೆ ಕೆಲವೇ ದಿನಕ್ಕೆ ಬಣ್ಣ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಅಂಗಡಿಯ ದಾರಕ್ಕೆ ನೇತಾಡಿಯೂ ಕಾಲು ಗಂಟೆಯಲ್ಲಿ ಬಣ್ಣ ಬಿಡುವ ಕೋನು, ಅದು ಕಪ್ಪಿರಲಿ ಕೆಂಪಿರಲಿ, ಬರಿ ಎಲೆಯದಲ್ಲ. ಮೆಹೆಂದಿಯನ್ನು ಕೆರೆದು ತೆಗೆದ ಕೂಡಲೇ ಕೆಳಗೆ ಕಿತ್ತಳೆ ಕಂಡರೆ ಸಹಜ, ಕಪ್ಪು ಕಂಡರೆ ಅನುಮಾನಿಸಿ. ಗಿರಾಕಿ ಹಟ ಹಿಡಿದಾಗ ಫೋನಿನಲ್ಲಿ ಎರಡು ಚಿತ್ರ ಇಟ್ಟುಕೊಂಡಿರಿ. ನೀವೇ ಹಾಕಿದ ಶುದ್ಧ ಗೋರಂಟಿಯ ಕೈ ಮೊದಲ ದಿನ ಹೇಗಿತ್ತು, ಮೂರನೇ ದಿನ ಹೇಗಾಯಿತು ಎಂಬ ಎರಡೇ ಚಿತ್ರ. ಕಿತ್ತಳೆ ಬಣ್ಣ ನೋಡಿ ಮುಖ ಸಿಂಡರಿಸುವವರಿಗೆ ಮೂರನೇ ದಿನದ ಕೈ ತೋರಿಸಿ.